ಸಹಾಯ ಬೇಕು: ಬಿಲ್ಲಿಂಗ್ ಕೈಪಿಡಿಯಲ್ಲಿ ತೂಕದ ಹಂತ ಹೇಗೆ ಬರೆಯಲಿ?

ನಮ್ಮ ದಿನಸಿ ಅಂಗಡಿಗೆ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದ್ದೇವೆ. ಹುಡುಗರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಐಟಂ ಹುಡುಕು, ತೂಕ ಹಾಕು, ಎಂಟರ್ ಒತ್ತು, ಇಷ್ಟು ಸುಲಭ. ತೊಂದರೆ ಇರುವುದು ಬಿಡಿ ಸಾಮಾನಿನಲ್ಲಿ.

ಜೀರಿಗೆ ಕಿಲೋಗೆ 400 ರೂಪಾಯಿ ಅಂತ ಹಾಕಿದ್ದೇವೆ. 50 ಗ್ರಾಂಗೆ 0.050 ಹೊಡೆಯಬೇಕು, 20 ರೂಪಾಯಿ ಬರುತ್ತದೆ. ಹುಡುಗ 0.50 ಹೊಡೆದ, 200 ಆಯಿತು. ಉದ್ದದ ಬಿಲ್ಲು, ಯಾರೂ ಗಮನಿಸಲಿಲ್ಲ. ಸಂಜೆ ಅಜ್ಜಿಯೊಬ್ಬರು ಚೀಟಿ ಹಿಡಿದು ವಾಪಸ್ ಬಂದರು. ತುಂಬಾ ಬೇಜಾರಾಯಿತು. ಸ್ಟಾಕಿನಲ್ಲೂ ಅರ್ಧ ಕಿಲೋ ಕಡಿಮೆಯಾಗಿತ್ತು.

‘ಚುಕ್ಕಿಯ ನಂತರ ಯಾವಾಗಲೂ ಮೂರು ಅಂಕಿ’ ಅಂತ ಬರೆದರೆ ಸಾಕಾ? ಅಥವಾ ಮಸಾಲೆಗಳ ಯೂನಿಟ್ಟನ್ನೇ ಗ್ರಾಂಗೆ ಬದಲಿಸಿ, ದರ 0.40 ಮಾಡಲಾ? ಆಗ ಹಳೆಯ ಸ್ಟಾಕನ್ನೂ ಗ್ರಾಂ ಲೆಕ್ಕಕ್ಕೆ ತಿದ್ದಬೇಕು ಅಲ್ವಾ? ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.