ಅಪ್‌ಡೇಟ್: ಗೆಳತಿಗೆ ಕೊನೆಗೆ ಕೊಟ್ಟದ್ದು

ನನ್ನ ಪ್ರಶ್ನೆ: "ಹೊಟ್ಟೆಯ ದೀರ್ಘ ಶಸ್ತ್ರಚಿಕಿತ್ಸೆಯಾಗಿ ಹಾಸನದ ಮನೆಯಲ್ಲಿರುವ ಗೆಳತಿಗೆ ನೋವು, ಬೇಸರ ಕಡಿಮೆಯಾಗುವಂಥದ್ದೇನು ಕೊಡಲಿ?"

ನೀವು ಸೂಚಿಸಿದವುಗಳಲ್ಲಿ ಅವಳಿಗೆ ನಿಜಕ್ಕೂ ನೆರವಾದದ್ದು ಗಟ್ಟಿಯಾಗಿ ಹತ್ತಿ ತುಂಬಿದ ಪುಟ್ಟ ದಿಂಬು. ಕೆಮ್ಮು ಬಂದಾಗ ಮಂಡಿ ಮಡಚಿ, ದಿಂಬನ್ನು ಹೊಲಿಗೆಯ ಮೇಲಿಟ್ಟು ಎರಡೂ ಕೈಗಳಿಂದ ಒತ್ತಿ ಹಿಡಿದರೆ ಗಾಯ ಎಳೆದಂತಾಗುವುದು ಕಡಿಮೆಯಾಗುತ್ತದೆ. ನೋವಿಗೆ ಹೆದರಿ ಕೆಮ್ಮನ್ನು ತಡೆದುಕೊಂಡರೆ ಕಫ ಒಳಗೇ ಉಳಿದು ಶ್ವಾಸಕೋಶದ ಸೋಂಕಿಗೆ ದಾರಿಯಾಗಬಹುದು. ಮೆತ್ತನೆಯ ಸ್ಪಂಜಿನ ದಿಂಬು ಒತ್ತಿದೊಡನೆ ಚಪ್ಪಟೆಯಾಗುವುದರಿಂದ ಈ ಕೆಲಸಕ್ಕೆ ಬಾರದು. ಗಾಯ ಕೆಂಪಾದರೆ, ಕೀವು ಅಥವಾ ಜ್ವರ ಕಂಡರೆ ವೈದ್ಯರನ್ನೇ ಕಾಣಬೇಕು.

ಮಾತ್ರೆಯ ಮಂಪರಿನಲ್ಲಿ ಅವಳಿಗೆ ಓದಿದ ಸಾಲು ತಲೆಯಲ್ಲಿ ನಿಲ್ಲದ ಕಾರಣ, ಪುಸ್ತಕದ ಬದಲು ಹಗುರವಾದ ರೇಡಿಯೋ ಕೊಟ್ಟೆ. ಈಗ ಕಣ್ಣು ಮುಚ್ಚಿಕೊಂಡೇ ಹಾಸನ ಆಕಾಶವಾಣಿ ಕೇಳುತ್ತಾಳೆ.