ಪಕ್ಕದ ಸೀರೆ ಅಂಗಡಿಯವರಿಗೆ ಜಂಟಿ ಪ್ರಚಾರದ ಮೆಸೇಜ್ ಹೇಗೆ ಬರೆಯಲಿ?

ಕೇಳಿದವರು: ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಎರಡು ಮೆಷಿನ್, ನಾನು ಮತ್ತು ಒಬ್ಬ ಹುಡುಗಿ. ಪಕ್ಕದಲ್ಲೇ ಸೀರೆ ಅಂಗಡಿ ಇದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಇಬ್ಬರೂ ಸೇರಿ ಪ್ರಚಾರ ಮಾಡೋಣ, ಖರ್ಚು ಹಂಚಿಕೊಳ್ಳೋಣ ಅಂತ ಅವರಿಗೆ ವಾಟ್ಸಾಪ್ ಕಳಿಸಬೇಕು. ಹೇಗೆ ಬರೆದರೆ ಒಪ್ಪುತ್ತಾರೆ? ಮಾಡಿ ಅನುಭವ ಇದ್ದವರು ಹೇಳಿ.

ಬೇಕರಿಯವರು, ತಿಪಟೂರು: ನಾನು ಎದುರಿನ ಫೋಟೋ ಸ್ಟುಡಿಯೋದವರ ಜೊತೆ ಮಾಡಿದ್ದೆ. ಹುಟ್ಟುಹಬ್ಬದ ಕೇಕ್ ತೆಗೆದುಕೊಂಡವರಿಗೆ ಅವರ ಕೂಪನ್, ಫೋಟೋ ತೆಗೆಸಿದವರಿಗೆ ನಮ್ಮ ಕೂಪನ್. ಮಾಲೀಕರು ಖುಷಿಯಾಗಿ ಒಪ್ಪಿದರು. ಆದರೆ ಕೌಂಟರ್‌ನಲ್ಲಿ ಕೂರುವ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಕೂಪನ್ ಕಟ್ಟು ಡ್ರಾಯರ್‌ನಲ್ಲೇ ಉಳಿಯಿತು. ಕೂಪನ್ ಯಾರ ಕೈಯಿಂದ ಹೋಗಬೇಕೋ ಅವರಿಗೂ ವಿಷಯ ಮುಟ್ಟಿಸಿ. ಅಂದಹಾಗೆ ಕೇಕ್‌ಗೆ ಹತ್ತು ಪರ್ಸೆಂಟ್ ಬಿಡುವುದು ನಮಗೆ ಕಷ್ಟವಾಯಿತು, ಬೆಣ್ಣೆ ರೇಟು ಹಾಗಿದೆ.

ಸೀರೆ ಅಂಗಡಿ ನಡೆಸಿದವರು, ದಾವಣಗೆರೆ: ನಾನು ಕೌಂಟರ್‌ನ ಆ ಕಡೆ ಕೂತವನು, ಅಲ್ಲಿಂದಲೇ ಹೇಳುತ್ತೇನೆ. "ಇಬ್ಬರಿಗೂ ಲಾಭ" ಅಂತ ಶುರುವಾಗುವ ಮೆಸೇಜ್ ನಾವು ಪೂರ್ತಿ ಓದುವುದಿಲ್ಲ. ಸೀರೆ ಅಂಗಡಿಯವರಿಗೆ ಹಬ್ಬದ ಮುಂಚೆ ಇರುವ ತಲೆನೋವು ಒಂದೇ. ಗಿರಾಕಿ ಸೀರೆ ಇಷ್ಟಪಡುತ್ತಾರೆ, ಆಮೇಲೆ "ಈಗ ತಗೊಂಡರೆ ಬ್ಲೌಸ್ ಯಾರು ಹೊಲಿದು ಕೊಡುತ್ತಾರೆ?" ಅಂತ ಇಟ್ಟು ಹೋಗುತ್ತಾರೆ. ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗಲೇ ಟೈಲರ್‌ಗಳು ಆರ್ಡರ್ ನಿಲ್ಲಿಸಿರುತ್ತಾರೆ, ಅಲ್ವಾ? ಹಾಗಾಗಿ ನಿಮ್ಮ ಕೈಯಲ್ಲಿರುವ ದೊಡ್ಡ ವಸ್ತು ರಿಯಾಯಿತಿ ಅಲ್ಲ, ತಾರೀಖು. ಹಬ್ಬಕ್ಕೆ ಎರಡು ದಿನ ಮುಂಚೆ ಬ್ಲೌಸ್ ಕೈಗೆ ಸಿಗುತ್ತದೆ ಅನ್ನುವ ಮಾತು ಕೊಟ್ಟರೆ ಅವರ ಸೀರೆ ಅಲ್ಲೇ ಬಿಲ್ ಆಗುತ್ತದೆ. ಮೆಸೇಜ್‌ನಲ್ಲಿ ಮೊದಲು ಅದನ್ನೇ ಬರೆಯಿರಿ.

ಇನ್ನು ಕಳಿಸುವ ಸಮಯ. ಆಷಾಢದಲ್ಲಿ ಮದುವೆ ಇಲ್ಲ. ಡಿಸ್ಕೌಂಟ್ ಬೋರ್ಡ್ ಹಾಕಿದರೂ ಮಧ್ಯಾಹ್ನ ಅಂಗಡಿ ಖಾಲಿ ಇರುತ್ತದೆ. ಆಗ ಹೋಗಿ ಎರಡು ಮಾತು ಆಡಿ, ಅದೇ ದಿನ ವಿವರ ಕಳಿಸಿ. ಶ್ರಾವಣ ಹುಟ್ಟಿದ ಮೇಲೆ ಕಳಿಸಿದರೆ ಓದಲು ಅವರಿಗೆ ಪುರುಸೊತ್ತು ಇರುವುದಿಲ್ಲ.

ದಿನಕ್ಕೆ ಎಷ್ಟು ಬ್ಲೌಸ್ ಆಗುತ್ತದೆ, ನಿಮ್ಮ ಖಾಯಂ ಗಿರಾಕಿಗಳದ್ದು ಎಷ್ಟು, ಅದನ್ನೂ ಹೇಳಿ. ಲೆಕ್ಕ ಅಲ್ಲಿಂದ ಶುರುವಾಗಬೇಕು.

ನಿವೃತ್ತ ಅಕೌಂಟೆಂಟ್: ಸೇರಿ ವ್ಯಾಪಾರ ಮಾಡುವುದಾದರೆ ಮೊದಲು ಪಾರ್ಟ್‌ನರ್‌ಶಿಪ್ ಡೀಡ್ ಬರೆಸಿ. ಲಾಭ ಎಷ್ಟೆಷ್ಟು ಅಂತ ಸ್ಟಾಂಪ್ ಪೇಪರ್ ಮೇಲೆ ಇರಲಿ. ಬಾಯಿಮಾತು ನಂಬಬೇಡಿ.

ಕೇಳಿದವರು: ಸರ್, ಸೇರಿ ವ್ಯಾಪಾರ ಅಲ್ಲ, ಪಾಂಪ್ಲೆಟ್ ಮಾತ್ರ ಒಟ್ಟಿಗೆ. ದಾವಣಗೆರೆಯವರೇ, ಲೈನಿಂಗ್ ಬ್ಲೌಸ್ ದಿನಕ್ಕೆ ಆರು ಆಗುತ್ತದೆ. ಹತ್ತು ದಿನಕ್ಕೆ 60. ಅದರಲ್ಲಿ ಖಾಯಂ ಗಿರಾಕಿಗಳದ್ದೇ 30ರ ಹತ್ತಿರ ಬರುತ್ತದೆ.

ಸೀರೆ ಅಂಗಡಿ ನಡೆಸಿದವರು, ದಾವಣಗೆರೆ: ಹಾಗಾದರೆ ಒಪ್ಪಿಕೊಳ್ಳುವುದು 25 ಮಾತ್ರ. ಉಳಿದ ಐದು ಕರೆಂಟ್ ಹೋದ ದಿನಕ್ಕೆ, ಆಲ್ಟರೇಶನ್‌ಗೆ. ಬ್ಲೌಸ್ ತಡವಾದರೆ ಗಿರಾಕಿ ಬೈಯುವುದು ನಿಮ್ಮನ್ನಲ್ಲ, ಕಳಿಸಿದ ಸೀರೆ ಅಂಗಡಿಯವರನ್ನು. ಅವರಿಗೆ ಇದು ಗೊತ್ತು, ಒಳಗೊಳಗೇ ಹೆದರುತ್ತಾರೆ. ಸಂಖ್ಯೆ ಬರೆದರೆ ಆ ಹೆದರಿಕೆ ಕಡಿಮೆಯಾಗುತ್ತದೆ.

ಅಕೌಂಟೆಂಟ್ ಸರ್ ಹೇಳಿದ ಡೀಡ್ ಇದಕ್ಕೆ ಬೇಕಿಲ್ಲ, ಸ್ಟಾಂಪ್ ಪೇಪರ್ ನೋಡಿದರೆ ಅವರು ಓಡಿಯೇ ಹೋಗುತ್ತಾರೆ. ಆದರೆ ಬರವಣಿಗೆಯಲ್ಲಿ ಇರಲಿ ಅನ್ನುವುದು ಸರಿ, ಮೆಸೇಜೇ ಸಾಕು. ಒಂದು ಕರಡು ಬರೆದಿದ್ದೇನೆ. ಮೊತ್ತ ಅಂದಾಜಿನದು, ನಿಮ್ಮ ಪ್ರೆಸ್‌ನಲ್ಲಿ ಕೇಳಿ ಬದಲಿಸಿಕೊಳ್ಳಿ.

"ಅಣ್ಣಾ, ನಮಸ್ಕಾರ. ಮಧ್ಯಾಹ್ನ ಹೇಳಿದ್ದೆನಲ್ಲ, ಅದರ ವಿವರ ಇದು.

ಹಬ್ಬಕ್ಕೆ ನಿಮ್ಮಲ್ಲಿ 2,000 ರೂಪಾಯಿ ಮೇಲಿನ ಸೀರೆ ತೆಗೆದುಕೊಂಡವರಿಗೆ, ಹಬ್ಬಕ್ಕೆ ಎರಡು ದಿನ ಮುಂಚೆ ಬ್ಲೌಸ್ ಹೊಲಿದು ಕೊಡುತ್ತೇನೆ. ಮೊದಲ 25 ಜನಕ್ಕೆ ಮಾತ್ರ. ಹೊಲಿಗೆ ನನ್ನ ಮಾಮೂಲಿ ರೇಟು. ಫಾಲ್, ಝಿಗ್‌ಜಾಗ್ ಉಚಿತ. ಫಾಲ್ ಬಟ್ಟೆ ನಿಮ್ಮದು, ಹೊಲಿಗೆ ನನ್ನದು. ನನ್ನ ಹತ್ತಿರ ಬರುವ ಎಲ್ಲರಿಗೂ ನಿಮ್ಮ ಹೊಸ ಸ್ಟಾಕ್ ಬಗ್ಗೆ ಹೇಳುತ್ತೇನೆ, ಎರಡು ಸೀರೆ ನನ್ನ ಅಂಗಡಿಯಲ್ಲೂ ತೂಗು ಹಾಕುತ್ತೇನೆ.

ಖರ್ಚು: ಪಾಂಪ್ಲೆಟ್ 2,000ಕ್ಕೆ 2,600 ರೂ., ಪೇಪರ್ ಒಳಗೆ ಇಟ್ಟು ಹಂಚಲು 1,000, ಬಟ್ಟೆ ಬ್ಯಾನರ್ 1,400. ಒಟ್ಟು 5,000. ನಿಮ್ಮದು 2,500, ನನ್ನದು 2,500. ಜಾಸ್ತಿಯಾದರೆ ಮೊದಲು ನಿಮ್ಮನ್ನು ಕೇಳುತ್ತೇನೆ.

ನಿಮ್ಮ ಬಿಲ್ ನಿಮ್ಮದು, ನನ್ನ ಬಿಲ್ ನನ್ನದು. ಹೊಲಿಗೆ ತಪ್ಪಾದರೆ ನನ್ನ ಜವಾಬ್ದಾರಿ. ಬ್ಲೌಸ್ ಪೀಸ್ ಕತ್ತರಿಸುವ ಮುಂಚೆ ಗಿರಾಕಿ ಎದುರೇ ಸೀರೆ ಪೂರ್ತಿ ಬಿಚ್ಚಿ ನೋಡುತ್ತೇನೆ. ಡ್ಯಾಮೇಜ್ ಕಂಡರೆ ಕತ್ತರಿಸದೆ ನಿಮಗೆ ಕಳಿಸುತ್ತೇನೆ.

ಪ್ರೆಸ್‌ಗೆ ಸೋಮವಾರ ಕೊಡಬೇಕು. ಶನಿವಾರದೊಳಗೆ ಹೇಳಿದರೆ ಸಾಕು. ಬೇಡ ಅನಿಸಿದರೂ ಬೇಜಾರಿಲ್ಲ."

ಬ್ಲೌಸ್ ಪೀಸ್ ಮಾತು ಸುಮ್ನೆ ಸೇರಿಸಿದ್ದಲ್ಲ. ಪೀಸ್ ಕತ್ತರಿಸಿದ ಮೇಲೆ ಆ ಸೀರೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ನನ್ನ ಅಂಗಡಿಯಲ್ಲಿ ಟೈಲರ್ ಜೊತೆ ಜಗಳ ಬಂದದ್ದೆಲ್ಲ ಇದೇ ವಿಷಯಕ್ಕೆ. ಬ್ಯಾನರ್ ಬಟ್ಟೆಯದ್ದೇ ಇರಲಿ. ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ.

ಮೊಬೈಲ್ ಅಂಗಡಿಯವರು, ಹಾಸನ: ಅರ್ಧರ್ಧ ನನಗೆ ಸರಿ ಕಾಣುತ್ತಿಲ್ಲ. ಸೀರೆಗೆ ಸಿಗುವ ಲಾಭ ಎಲ್ಲಿ, ಒಂದು ಬ್ಲೌಸ್ ಹೊಲಿಗೆ ಎಲ್ಲಿ? ಅವರು ಮುಕ್ಕಾಲು ಭಾಗ ಹಾಕಲಿ. ಇಲ್ಲವೇ ಅಕ್ಕ ಕಳಿಸುವ ಪ್ರತಿ ಗಿರಾಕಿಗೆ ಕಮಿಷನ್ ಕೇಳಲಿ.

ಸೀರೆ ಅಂಗಡಿ ನಡೆಸಿದವರು, ದಾವಣಗೆರೆ: ನ್ಯಾಯವಾಗಿ ನೋಡಿದರೆ ನೀವು ಹೇಳುವುದು ಸುಳ್ಳಲ್ಲ. ಆದರೆ ಲಾಭದ ಮೇಲೆ ಹಂಚಬೇಕಾದರೆ ಇಬ್ಬರೂ ಲೆಕ್ಕದ ಪುಸ್ತಕ ತೆಗೆದು ತೋರಿಸಬೇಕು. ಪಕ್ಕದ ಅಂಗಡಿಗೆ ಯಾರು ತೋರಿಸುತ್ತಾರೆ? ಮೊದಲ ಸಲ ಅರ್ಧರ್ಧ ಇರಲಿ. ಆ 25 ಜನಕ್ಕೆ ಅವರ ಕೈಯಿಂದ ಕೂಪನ್ ಕೊಡಿಸಿ. ಕೂಪನ್‌ಗೆ ನಂಬರ್ ಹಾಕಿಸಿ, ಹಿಂದೆ ಅವರ ಸೀಲು ಇರಲಿ. ಬ್ಲೌಸ್ ಕೊಡುವಾಗ ಕೂಪನ್ ವಾಪಸ್ ಇಟ್ಟುಕೊಳ್ಳಿ. 25ರಲ್ಲಿ ಎಷ್ಟು ಬಂತು ಅನ್ನುವುದು ಇಬ್ಬರ ಕಣ್ಣಮುಂದೆ ಇರುತ್ತದೆ. ಗೌರಿ ಹಬ್ಬಕ್ಕೆ ಪಾಲು ಬದಲಿಸಬೇಕಾ ಅಂತ ಅದನ್ನು ನೋಡಿ ಮಾತಾಡಬಹುದು.

ನಿವೃತ್ತ ಅಕೌಂಟೆಂಟ್: ನಾನು ಪ್ರಶ್ನೆಯನ್ನು ಬೇರೆ ಥರ ತಿಳಿದಿದ್ದೆ. ಆದರೂ ಒಂದು ಮಾತು. ಪ್ರೆಸ್‌ನವರಿಗೆ ಇಬ್ಬರ ಹೆಸರಿಗೂ ಅರ್ಧರ್ಧ ಬಿಲ್ ಮಾಡಲು ಹೇಳಿ. ಒಬ್ಬರ ಹೆಸರಿಗೆ ಮಾಡಿಸಿ ಇನ್ನೊಬ್ಬರು ನಗದು ಕೊಟ್ಟರೆ, ಕೊಟ್ಟವರ ಲೆಕ್ಕದಲ್ಲಿ ಆ ಖರ್ಚಿಗೆ ಕಾಗದ ಇರುವುದಿಲ್ಲ.

ಬೇಕರಿಯವರು, ತಿಪಟೂರು: ಅಕ್ಕ, ಅವರಿಗೆ ಈಗಾಗಲೇ ಬೇರೆ ಟೈಲರ್ ಇದ್ದಾರಾ? ನಮ್ಮ ಊರಿನ ಸೀರೆ ಅಂಗಡಿಗಳಲ್ಲಿ ಒಬ್ಬರಾದರೂ ಇರುತ್ತಾರೆ.

ಕೇಳಿದವರು: ಇದ್ದಾರೆ. ಸಂಜೆ ಒಬ್ಬರು ಬಂದು ಫಾಲ್ ಕೆಲಸ ತೆಗೆದುಕೊಂಡು ಹೋಗುತ್ತಾರೆ. ಬ್ಲೌಸ್ ಹೊಲಿಯುತ್ತಾರಾ ಗೊತ್ತಿಲ್ಲ.

ಸೀರೆ ಅಂಗಡಿ ನಡೆಸಿದವರು, ದಾವಣಗೆರೆ: ಹಾಗಾದರೆ ಉಚಿತ ಫಾಲ್ ಸಾಲು ಈಗಲೇ ಹಾಕಬೇಡಿ. ಅದು ಆ ಮನುಷ್ಯನ ದುಡಿಮೆ, ನಿಮ್ಮ ಅಣ್ಣನಿಗೂ ಮುಜುಗರ. ಬ್ಲೌಸ್ ತಾರೀಖಿನ ಮಾತೊಂದೇ ಇಟ್ಟು ಕಳಿಸಿ.

ಮೊಬೈಲ್ ಅಂಗಡಿಯವರು, ಹಾಸನ: ಫಾಲ್ ತೆಗೆದರೆ ಪಾಂಪ್ಲೆಟ್‌ನಲ್ಲಿ "ಉಚಿತ" ಅನ್ನುವ ಪದವೇ ಇರುವುದಿಲ್ಲ. ಜನ ಯಾಕೆ ಓದುತ್ತಾರೆ?

ಕೇಳಿದವರು: ನನಗೂ ಅದೇ ಯೋಚನೆ. ನಾಳೆ ಮಧ್ಯಾಹ್ನ ಅಣ್ಣನ ಹತ್ತಿರ ಫಾಲ್ ವಿಷಯ ಕೇಳಿಕೊಂಡು, ಆಮೇಲೆ ಮೆಸೇಜ್ ಕಳಿಸುತ್ತೇನೆ.