ದೀಪಾವಳಿಗೆ ಚಪ್ಪಲಿ ಅಂಗಡಿಯ ಶೋಕೇಸ್: ಹಣತೆ ಇಡಬಹುದೇ?

ಗದಗಿನ ಅಂಗಡಿ: ನಮ್ಮ ಶೋಕೇಸ್ ಎಂಟು ಅಡಿ ಅಗಲ, ಮೂರು ಅಡಿ ಆಳ, ಪಶ್ಚಿಮಕ್ಕೆ ಮುಖ. ಹಿಂದಿನ ಗೋಡೆಗೆ ಎರಡು ಟ್ಯೂಬ್‌ಲೈಟ್, ಒಳಗೆ ಅರವತ್ತು ಜೋಡಿ. ಈ ದೀಪಾವಳಿಗೆ ಕಪ್ಪು ವೆಲ್ವೆಟ್ ಹಾಸಿ, ರಂಗೋಲಿ ಬಿಡಿಸಿ, ಹಣತೆ ಇಡುವ ಯೋಚನೆ ಇದೆ. ಬೆಳಕು ಎಷ್ಟು ಬೇಕು? ಬೆಲೆ ಕಾರ್ಡ್ ಹೇಗಿರಬೇಕು?

ಬಣ್ಣದ ಬುಗುರಿ: ಕಪ್ಪು ವೆಲ್ವೆಟ್ ಒಳ್ಳೆಯ ಆಯ್ಕೆ, ಅದರ ಮೇಲೆ ಯಾವ ಬಣ್ಣವೂ ಎದ್ದು ಕಾಣುತ್ತದೆ. ಚೌಕಟ್ಟಿನ ಒಳಗೆಲ್ಲ ಬಣ್ಣದ ಸೀರಿಯಲ್ ಸೆಟ್ ಸುತ್ತಿ, ಇನ್ನೆರಡು ಟ್ಯೂಬ್‌ಲೈಟ್ ಸೇರಿಸಿ. ಬೆಳಕು ಹೆಚ್ಚಿದಷ್ಟೂ ಜನ ನಿಲ್ಲುತ್ತಾರೆ.

ಹುಬ್ಬಳ್ಳಿ ಅಲಂಕಾರ: ಹಣತೆಯನ್ನು ಮೊದಲು ಕೈಬಿಡಿ. ಅಮಾವಾಸ್ಯೆಯ ದಿನ ಲಕ್ಷ್ಮಿಯ ಮುಂದೆ ಹಚ್ಚುವ ದೀಪ ಬೂಟಿನ ಪಕ್ಕದಲ್ಲಿ ಕಂಡರೆ ಹತ್ತರಲ್ಲಿ ಒಬ್ಬರಾದರೂ ಮುಖ ಸಿಂಡರಿಸುತ್ತಾರೆ, ಮತ್ತು ಆ ಒಬ್ಬರೇ ಫೋಟೊ ತೆಗೆದು ಊರಿಗೆಲ್ಲ ಕಳುಹಿಸುವವರು. ಕಲಶ, ಕಮಲ, ಮಾವಿನ ತೋರಣಕ್ಕೂ ಇದೇ ಮಾತು. ರಂಗೋಲಿಯ ಮೇಲೆ ಚಪ್ಪಲಿ ಇಡುವುದಂತೂ ಬೇಡವೇ ಬೇಡ. ಗೋಂದು, ರಬ್ಬರ್, ರಟ್ಟಿನ ಡಬ್ಬಿ ತುಂಬಿದ ಜಾಗದಲ್ಲಿ ನಿಜವಾದ ಬೆಂಕಿಯ ಅಪಾಯ ಬೇರೆ.

ದೇವರಿಗೆ ಸೇರದ, ಆದರೂ ಹಬ್ಬವೆನ್ನಿಸುವ ವಸ್ತುಗಳು ಸಾಕಷ್ಟಿವೆ. ‘ಹಬ್ಬಕ್ಕೆ ಊರಿಗೆ ಹೊರಟವರು’ ಎಂಬ ವಿಷಯ ಇಟ್ಟುಕೊಳ್ಳಿ. ಮೇಲೆ ಎರಡು ದೊಡ್ಡ ಆಕಾಶಬುಟ್ಟಿ. ಕೆಳಗೆ ಹಳೆಯ ತಗಡಿನ ಟ್ರಂಕು, ಅದರ ಮೇಲೆ ಒಂದು ಸೂಟ್‌ಕೇಸ್. ಎತ್ತರ ತಗ್ಗು ತಾನಾಗಿಯೇ ಬರುತ್ತದೆ. ಮಕ್ಕಳ ಬೂಟು ನೆಲದ ಮಟ್ಟದಲ್ಲಿರಲಿ, ಮಕ್ಕಳ ಕಣ್ಣು ಅಲ್ಲಿಗೇ ಹೋಗುತ್ತದೆ. ಅರವತ್ತು ಜೋಡಿಯ ಬದಲು ಹದಿನೆಂಟು ಮಾದರಿ ಸಾಕು. ಹೆಚ್ಚಿನವುಗಳಲ್ಲಿ ಒಂದೇ ಕಾಲಿನದನ್ನು ಇಡಿ, ಒಳಗೆ ಕಾಗದ ತುರುಕಿ ಆಕಾರ ನಿಲ್ಲಿಸಿ, ಪಕ್ಕದ ನೋಟ ರಸ್ತೆಗೆ ಕಾಣುವಂತೆ ತಿರುಗಿಸಿ.

ಅಥಣಿ ಅಳಿಯ: ನಮ್ಮ ಕಡೆಯ ಕೊಲ್ಹಾಪುರಿಯನ್ನೇ ವಿಷಯ ಮಾಡಬಾರದೇಕೆ? ಭೌಗೋಳಿಕ ಗುರುತು ಮಹಾರಾಷ್ಟ್ರಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. ಕೆಳಗೆ ಇಳಕಲ್ ಸೀರೆ ಹಾಸಿ, ಮೇಲೆ ಕೊಲ್ಹಾಪುರಿ ಜೋಡಿಸಿದರೆ ನೋಡುವವರು ಅಲ್ಲೇ ನಿಲ್ಲುತ್ತಾರೆ.

ಲೆಕ್ಕದ ಅಕ್ಕ: ಅಣ್ಣಾ, ಉಡುವ ಸೀರೆಯ ಮೇಲೆ ಚಪ್ಪಲಿ ಇಟ್ಟರೆ ನಾನೇ ಒಳಗೆ ಬರುವುದಿಲ್ಲ.

ಹುಬ್ಬಳ್ಳಿ ಅಲಂಕಾರ: ಅಕ್ಕನ ಮಾತು ಸರಿ. ಸೀರೆಯನ್ನು ಹಿಂದೆ ಇಳಿಬಿಡಬಹುದು, ಹಾಸುವುದು ಬೇಡ. ಆದರೆ ಕೊಲ್ಹಾಪುರಿಯ ಜೇನುಬಣ್ಣದ ಚರ್ಮ ಇಳಕಲ್‌ನ ಕೆಂಪಿನ ಮುಂದೆ ಹಳದಿ ದೀಪದಲ್ಲಿ ಕರಗಿ ಹೋಗುತ್ತದೆ. ಹಸಿರು ಒಡಲಿನದನ್ನು ಆರಿಸಿ.

ಈಗ ಬೆಳಕಿಗೆ ಬರೋಣ. ಬುಗುರಿಯವರು ಹೇಳಿದ್ದು ಅರ್ಧ ಸರಿ. ವೆಲ್ವೆಟ್ ಮೇಲೆ ಬಣ್ಣ ಎದ್ದು ಕಾಣುವುದು ಸಂಜೆ ಏಳರ ಮೇಲೆ. ಪಶ್ಚಿಮದ ಗಾಜಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಬಿದ್ದಾಗ ಒಳಗೆ ಕಪ್ಪಿದ್ದರೆ ಗಾಜು ಕನ್ನಡಿಯಾಗುತ್ತದೆ, ಗಿರಾಕಿಗೆ ತನ್ನ ಮುಖವೂ ಎದುರಿನ ಮೊಬೈಲ್ ಅಂಗಡಿಯ ಬೋರ್ಡೂ ಕಾಣುತ್ತವೆ. ಎದುರು ಪಾದಚಾರಿ ಹಾದಿಯಲ್ಲಿ ನಿಂತು ಹನ್ನೊಂದಕ್ಕೆ, ನಾಲ್ಕಕ್ಕೆ, ಏಳಕ್ಕೆ ಒಂದೊಂದು ಫೋಟೊ ತೆಗೆಯಿರಿ, ಗೊತ್ತಾಗಿಬಿಡುತ್ತದೆ. ಹಿನ್ನೆಲೆ ತೀರಾ ಕಪ್ಪೂ ಬೇಡ, ಬಿಳಿಯೂ ಬೇಡ. ತಿಳಿ ಹಸಿರೋ ಮಣ್ಣಿನ ಬಣ್ಣವೋ ಇರಲಿ. ಮೇಲೆ ಒಂದು ಛಾವಣಿ ಬಟ್ಟೆ ಚಾಚಿಸಿ. ಬಿಸಿಲಿಗೆ ಬಿಳಿ ಅಟ್ಟೆ ಹಳದಿಯಾಗುವುದೂ ತಪ್ಪುತ್ತದೆ.

ಹಿಂದಿನ ಟ್ಯೂಬ್‌ಲೈಟ್ ಇರುವುದೇ ತೊಂದರೆ. ಬೆಳಕು ಹಿಂದಿನಿಂದ ಬಂದರೆ ಬೂಟು ನೆರಳಿನ ಆಕೃತಿಯಾಗುತ್ತದೆ. ಗಾಜಿನ ಒಳಗೆ, ಮೇಲಿನ ಅಂಚಿಗೆ ಒಂದು ಪಟ್ಟಿ ಹೊಡೆಸಿ, ಅದರ ಹಿಂದೆ ಐದು ಎಲ್ಇಡಿ ಸ್ಪಾಟ್‌ಲೈಟ್ ಕೂರಿಸಿ, ಕೆಳಕ್ಕೆ ಓರೆಯಾಗಿ ತಿರುಗಿಸಿ. ನಿಂತವರ ಕಣ್ಣಿಗೆ ಬಲ್ಬ್ ಕಾಣಬಾರದು. ಕೊಳ್ಳುವಾಗ ವಾಟ್ ನೋಡಿ ಮೋಸ ಹೋಗಬೇಡಿ. ಡಬ್ಬಿಯ ಮೇಲೆ ಬೆಳಕಿನ ಬಣ್ಣ ಹೇಳುವ 3000 ಕೆಲ್ವಿನ್, ಮತ್ತು ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆಂದು ಹೇಳುವ ಸಿಆರ್‌ಐ 90 ಎಂದಿದೆಯೇ ನೋಡಿ. ಸಿಆರ್‌ಐ ಕಡಿಮೆಯ ಬಲ್ಬಿನಡಿ ಕಡುಕಂದು ಬೂಟು ಕಪ್ಪಾಗಿ ಕಾಣುತ್ತದೆ, ಗಿರಾಕಿ ಮನೆಗೆ ಹೋಗಿ ಬಣ್ಣ ಬೇರೆ ಎಂದು ಮರಳಿ ತರುತ್ತಾನೆ. ಕಪ್ಪು ಬೂಟಿಗೆ ಮಾತ್ರ ಒಂದು ದೀಪ ಪಕ್ಕದಿಂದ ಬೀಳಲಿ, ಆಗಲೇ ಚರ್ಮದ ಕಣ ಕಾಣುವುದು. ಮಿಣುಕುವ ಸೀರಿಯಲ್ ಸೆಟ್ ಚೌಕಟ್ಟಿನ ಹೊರಗೆ ಮಾತ್ರ.

ಬಣ್ಣದ ಬುಗುರಿ: ಐದು ಸ್ಪಾಟ್‌ಲೈಟ್ ಹಗಲಿಗೆ ಸಾಲುವುದಿಲ್ಲ ಎಂದು ಈಗಲೂ ಹೇಳುತ್ತೇನೆ. ಬಿಸಿಲಿನ ಜೊತೆ ಯಾವ ಬಲ್ಬೂ ಗುದ್ದಾಡಲಾರದು.

ಹುಬ್ಬಳ್ಳಿ ಅಲಂಕಾರ: ನಿಜ, ಅದಕ್ಕೇ ಛಾವಣಿ ಬಟ್ಟೆ. ಆದರೂ ನಾಲ್ಕರಿಂದ ಐದೂವರೆವರೆಗೆ ಆ ಗಾಜು ಮಂಕಾಗಿಯೇ ಇರುತ್ತದೆ. ಅದಕ್ಕೆ ನನ್ನ ಬಳಿ ಪೂರ್ತಿ ಮದ್ದಿಲ್ಲ.

ಚಿಕ್ಕಪೇಟೆ ಸೀರೆ: ನಮ್ಮದು ಸೀರೆ ಅಂಗಡಿ. ಗೊಂಬೆಗೆ ಬೆಲೆ ಕಾರ್ಡ್ ಹಾಕುವುದೇ ಇಲ್ಲ. ಬೆಲೆ ಕೇಳಲು ಒಳಗೆ ಬಂದವರು ಕೂರುತ್ತಾರೆ, ಕೂತವರು ಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿ.

ಹುಬ್ಬಳ್ಳಿ ಅಲಂಕಾರ: ಸರ್, ಸೀರೆಗೆ ಚೌಕಾಸಿ ಇದೆ, ನೂರು ಬಿಚ್ಚಿ ತೋರಿಸುವ ಪದ್ಧತಿ ಇದೆ. ಚಪ್ಪಲಿಗೆ ಬೆಲೆ ಕಾಣದಿದ್ದರೆ ದುಬಾರಿ ಇರಬೇಕೆಂದು ಮುಂದೆ ಹೋಗುತ್ತಾರೆ. ಕಾರ್ಡ್ ಮೂರು ಅಂಗುಲ ಅಗಲ, ಎರಡು ಅಂಗುಲ ಎತ್ತರ ಇರಲಿ. ಅಂಕಿ ಎರಡು ಸೆಂಟಿಮೀಟರ್ ಎತ್ತರವಿದ್ದರೆ ಗಾಜಿನಿಂದ ಎರಡು ಹೆಜ್ಜೆ ದೂರದಲ್ಲೂ ಓದಬಹುದು. ಲ್ಯಾಮಿನೇಟ್ ಮಾಡಿಸಬೇಡಿ, ಸ್ಪಾಟ್‌ಲೈಟ್ ಬಿದ್ದು ಬೆಲೆಯ ಜಾಗದಲ್ಲಿ ಬಿಳಿ ಚುಕ್ಕೆಯಷ್ಟೇ ಉಳಿಯುತ್ತದೆ. ಚಪ್ಪಲಿಗೆ ಅಂಟಿಸಬೇಡಿ, ಟೇಪ್ ಕೀಳುವಾಗ ಪಾಲಿಶ್ ಕಿತ್ತು ಬರುತ್ತದೆ.

ಲೆಕ್ಕದ ಅಕ್ಕ: ಬೆಲೆ ಬರೆಯುವ ಮುನ್ನ ತೆರಿಗೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ ₹2,500ರವರೆಗೆ ಜಿಎಸ್‌ಟಿ ಶೇ 5, ಮೀರಿದರೆ ಶೇ 18. ₹2,500 ಎನ್ನುವುದು ತೆರಿಗೆ ಸೇರಿಸುವ ಮೊದಲಿನ ಮಾರಾಟ ಬೆಲೆ, ಡಬ್ಬಿಯ ಮೇಲಿನ ಎಂಆರ್‌ಪಿ ಅಲ್ಲ. ಎಂಆರ್‌ಪಿ ₹2,999ರ ಬೂಟಿಗೆ ಹಬ್ಬದ ಶೇ 10 ರಿಯಾಯಿತಿ ಕೊಟ್ಟರೆ ಕಾರ್ಡಿನಲ್ಲಿ ₹2,699. ಅದರಲ್ಲೇ ಸೇರಿರುವ ಶೇ 18ರ ತೆರಿಗೆ ಕಳೆದರೆ ನಿಮ್ಮ ಕೈಗೆ ₹2,287. ಶೇ 15 ರಿಯಾಯಿತಿ ಕೊಟ್ಟು ₹2,549 ಎಂದು ಬರೆದರೆ ಶೇ 5ರ ತೆರಿಗೆ ಕಳೆದು ₹2,428 ಉಳಿಯುತ್ತದೆ. ಹೆಚ್ಚು ಬಿಟ್ಟುಕೊಟ್ಟವನಿಗೇ ಹೆಚ್ಚು ಹಣ!

ಗದಗಿನ ಅಂಗಡಿ: ಮೇಡಂ, ತೆರಿಗೆ ಕಳೆದ ಬೆಲೆ ₹2,287 ಎಂದರೆ ಅದು ₹2,500ರ ಒಳಗೇ ಇದೆಯಲ್ಲ? ಹಾಗಾದರೆ ಶೇ 5 ಅಲ್ಲವೇ?

ಲೆಕ್ಕದ ಅಕ್ಕ: ಶೇ 5 ಹಾಕಿ ಕಳೆದರೆ ₹2,570 ಬರುತ್ತದೆ, ಮಿತಿ ಮೀರಿತು. ಆ ಕಡೆಯಿಂದ ನೋಡಿದರೆ ಶೇ 5, ಈ ಕಡೆಯಿಂದ ನೋಡಿದರೆ ಶೇ 18. ₹2,625 ದಾಟಿ ₹2,950ರವರೆಗಿನ ಯಾವ ಬೆಲೆಗೂ ಈ ಸುತ್ತು ತಪ್ಪಿದ್ದಲ್ಲ. ನನ್ನ ಗಿರಾಕಿಗಳಿಗೆ ಆ ನಡುವಿನ ಕಾರ್ಡ್ ಬರೆಯಲೇಬೇಡಿ ಎನ್ನುತ್ತೇನೆ. ಬೇರೆ ಲೆಕ್ಕಿಗರು ಬೇರೆ ಹೇಳಬಹುದು, ನಿಮ್ಮವರನ್ನು ಕೇಳಿ.

ಚಿಕ್ಕಪೇಟೆ ಸೀರೆ: ಇದಕ್ಕೇ ನಾನು ಕಾರ್ಡ್ ಬೇಡ ಎಂದದ್ದು.

ಲೆಕ್ಕದ ಅಕ್ಕ: ಕಾರ್ಡ್ ಇಲ್ಲದಿದ್ದರೂ ಬಿಲ್ಲಿನಲ್ಲಿ ಅದೇ ಬೆಲೆ ಬರುತ್ತದೆ ಸರ್.

ಗದಗಿನ ಅಂಗಡಿ: ಟ್ರಂಕು ನಮ್ಮ ಅತ್ತೆಯ ಮನೆಯಲ್ಲಿದೆ, ತರಿಸುತ್ತೇನೆ. ಟ್ಯೂಬ್‌ಲೈಟ್ ನಾಳೆಯೇ ತೆಗೆಸುತ್ತೇನೆ. ಆ ₹2,999ರ ಬೂಟು ₹2,549ಕ್ಕೆ. ಕೊಲ್ಹಾಪುರಿಗೆ ಬೇರೆ ಮೂಲೆ ಕೊಡಲೋ, ಟ್ರಂಕಿನ ಮೇಲೆಯೇ ಇಡಲೋ?

ಅಥಣಿ ಅಳಿಯ: ಟ್ರಂಕಿನ ಮೇಲೆ, ಮಧ್ಯದಲ್ಲಿ. ಒಂದರ ಅಟ್ಟೆ ಕಾಣುವಂತೆ ಓರೆಯಾಗಿ ನಿಲ್ಲಿಸಿ. ಕೈಹೊಲಿಗೆ ಬಲ್ಲವರು ಅದನ್ನೇ ಮೊದಲು ನೋಡುತ್ತಾರೆ.